ಬೇಳೆ ಮಿಲ್ ಪ್ರಸ್ತಾವ: ಸಿಇಒ ಅವರಿಗೆ ಅರ್ಧ ಪುಟದ ಟಿಪ್ಪಣಿ

ಕಲಬುರಗಿ, 18 ನವೆಂಬರ್ 2025

ಮೇಡಂ, ನಮಸ್ಕಾರ.

ಶುಕ್ರವಾರ 21ರ ಮಂಡಳಿ ಸಭೆಗೆ ಬೇಳೆ ಮಿಲ್ ಪ್ರಸ್ತಾವ ಸಿದ್ಧವಾಗಿದೆ. ಒಟ್ಟು 46 ಪುಟ. ಬೆಂಗಳೂರಿನಿಂದ ಬರುವಾಗ ರೈಲಿನಲ್ಲೇ ಓದಬೇಕು ಅಂದಿದ್ರಿ, ಅದಕ್ಕೆ ಅರ್ಧ ಪುಟಕ್ಕೆ ಇಳಿಸಿದ್ದೇನೆ. ಅದರ ಕೆಳಗೆ ಇರುವುದು ಸಭೆಯಲ್ಲಿ ಪ್ರಶ್ನೆ ಬಂದರೆ ಬೇಕಾಗುವ ವಿವರ. ಸಮಯ ಇಲ್ಲದಿದ್ದರೆ ಟಿಪ್ಪಣಿ ಒಂದನ್ನೇ ನೋಡಿ, ಸಾಕು.

ಟಿಪ್ಪಣಿ

ವಿಷಯ: ಕಪನೂರ ಕೈಗಾರಿಕಾ ಪ್ರದೇಶದಲ್ಲಿ ದಿನಕ್ಕೆ 8 ಟನ್ ತೊಗರಿ ಒಡೆಯುವ ಮಿಲ್. ಖರ್ಚು ₹1.86 ಕೋಟಿ. ಅದರಲ್ಲಿ ಬ್ಯಾಂಕ್ ಸಾಲ ₹1.30 ಕೋಟಿ, ನಮ್ಮ ಪಾಲು ₹56 ಲಕ್ಷ. ಕಟ್ಟಲು 9 ತಿಂಗಳು ಬೇಕು. ಹಾಗಾಗಿ ಮೊದಲ ಹಂಗಾಮು 2027ರ ಜನವರಿ.

ನನ್ನ ಸಲಹೆ: ಮಿಲ್ ಬೇಕು. ಆದರೆ ಈ ರೂಪದಲ್ಲಿ, ಷರತ್ತು ಇಲ್ಲದೆ ಒಪ್ಪಬೇಡಿ.

ಬೇಕಾದ ತೀರ್ಮಾನ ಮೂರು. ಒಂದು, ಕೃಷಿ ಮೂಲಸೌಕರ್ಯ ನಿಧಿಯಡಿ ಸಾಲಕ್ಕೆ ಅರ್ಜಿ ಹಾಕಲು ಒಪ್ಪಿಗೆ. ಅರ್ಜಿ ಈಗಲೇ ಹೋಗಲಿ, ಆದರೆ ಗಂಜ್‌ನ ವ್ಯಾಪಾರಿಗಳ ತೊಗರಿ ಒಡೆದುಕೊಡುವ 72 ದಿನದ ಜಾಬ್ ವರ್ಕ್ ಒಪ್ಪಂದಕ್ಕೆ ಸಹಿ ಬೀಳುವವರೆಗೆ ಸಾಲದ ಒಂದು ರೂಪಾಯಿಯನ್ನೂ ಎತ್ತಬಾರದು. ಎರಡು, ₹32 ಲಕ್ಷದ ಸಾರ್ಟೆಕ್ಸ್ ಯಂತ್ರವನ್ನು ಎರಡನೇ ವರ್ಷಕ್ಕೆ ಮುಂದೂಡಬೇಕು. ಆಗ ಖರ್ಚು ₹1.54 ಕೋಟಿಗೆ, ನಮ್ಮ ಪಾಲು ₹46 ಲಕ್ಷಕ್ಕೆ ಇಳಿಯುತ್ತೆ. ಮೂರು, ತೊಗರಿ ಖರೀದಿಯ ದುಡ್ಡು ಎಲ್ಲಿಂದ ಅನ್ನೋದು. ಬೇಕಾಗಿರುವುದು ₹2.40 ಕೋಟಿ, ಬ್ಯಾಂಕ್ ಕೊಡುತ್ತೇನೆ ಅಂದಿರುವ ಕ್ಯಾಶ್ ಕ್ರೆಡಿಟ್ ₹1.50 ಕೋಟಿ. ಉಳಿದ ₹90 ಲಕ್ಷಕ್ಕೆ ನೋಂದಾಯಿತ ಗೋದಾಮಿನ ರಸೀದಿ ಮೇಲೆ ಅಡಮಾನ ಸಾಲ ಪಡೆಯಲು ಮಂಡಳಿ ಅಧಿಕಾರ ಕೊಡಬೇಕು.

ಅಪಾಯ. ದೊಡ್ಡದು ಇದು: ಪ್ರಸ್ತಾವ ವರ್ಷಕ್ಕೆ 200 ದಿನ ಮಿಲ್ ಓಡುತ್ತೆ ಅಂತ ಹೇಳುತ್ತೆ. ನಮ್ಮದೇ ತೊಗರಿ 38 ದಿನಕ್ಕೆ ಮುಗಿಯುತ್ತೆ. ನಷ್ಟ ಆಗದಿರಲು ಕನಿಷ್ಠ 110 ದಿನ ಓಡಬೇಕು. ಜೊತೆಗೆ, ₹56 ಲಕ್ಷ ಹಾಕಿದ ಮೇಲೆ ನಮ್ಮ ಖಾತೆಯಲ್ಲಿ ಉಳಿಯುವುದು ₹9 ಲಕ್ಷ. ಖರೀದಿಸಿದ ಸ್ಟಾಕ್ ಕೈಯಲ್ಲಿರುವಾಗ ಕ್ವಿಂಟಲ್‌ಗೆ ₹500 ಬಿದ್ದರೆ ₹15 ಲಕ್ಷ ಹೋಗುತ್ತೆ. ಇನ್ನೊಂದು, ಯಂತ್ರದ ಮೂರು ಕೊಟೇಶನ್‌ಗಳಲ್ಲಿ ಒಂದು ನಮ್ಮ ನಿರ್ದೇಶಕರೊಬ್ಬರ ಸಂಬಂಧಿಕರದು.

ಯಾವಾಗ: ಈಗಿನ ನಿಯಮದಂತೆ ಆ ನಿಧಿಯಡಿ ಸಾಲ ವಿತರಣೆ 2025-26ರ ಕೊನೆಯವರೆಗೆ, ಅಂದರೆ ಮಾರ್ಚ್ 31. ಶುಕ್ರವಾರ ಅರ್ಜಿಗೆ ಒಪ್ಪಿಗೆ ಸಿಗದಿದ್ದರೆ ಸಮಯ ಸಾಲದು.

---

ಈಗ ವಿವರ. 38 ದಿನ ಎಲ್ಲಿಂದ ಬಂತು ಅಂತ ಖಂಡಿತ ಕೇಳ್ತಾರೆ. 31ನೇ ಪುಟದಲ್ಲಿ ಮೊದಲ ವರ್ಷದ ಖರೀದಿ 3,000 ಕ್ವಿಂಟಲ್ ಅಂತಿದೆ, ಅಂದರೆ 300 ಟನ್. ದಿನಕ್ಕೆ 8 ಟನ್ ಒಡೆದರೆ 38ನೇ ದಿನಕ್ಕೆ ಖಾಲಿ. ಲಾಭದ ಲೆಕ್ಕ ಇರುವುದು 12ನೇ ಪುಟದಲ್ಲಿ, ಅಲ್ಲಿ 200 ದಿನ ಹಿಡಿದಿದ್ದಾರೆ. ಎರಡು ಪುಟ ಪಕ್ಕಪಕ್ಕ ಇಟ್ಟರೆ ಮಾತ್ರ ಕಾಣುತ್ತೆ. ಬರೆದವರು ಮುಚ್ಚಿಟ್ಟಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಎರಡು ಭಾಗ ಇಬ್ಬರು ಬೇರೆ ಬೇರೆ ಬರೆದಿದ್ದಾರೆ, ಕೂಡಿಸಿ ನೋಡಿಲ್ಲ, ಅಷ್ಟೇ. ಉಳಿದ ದಿನಗಳಿಗೆ ಗಂಜ್‌ನ ವ್ಯಾಪಾರಿಗಳ ತೊಗರಿ ಒಡೆದುಕೊಡುತ್ತೇವೆ ಅನ್ನೋದು ಅವರ ಮಾತು. ಇವತ್ತಿನವರೆಗೆ ಒಬ್ಬ ವ್ಯಾಪಾರಿಯಿಂದಲೂ ಬರಹದಲ್ಲಿ ಏನೂ ಬಂದಿಲ್ಲ. ಸಾರ್ಟೆಕ್ಸ್ ಬಿಟ್ಟರೆ 110 ದಿನ ಅನ್ನೋದು ಸ್ವಲ್ಪ ಇಳಿಯುತ್ತೆ. ಆದರೂ ನಾನು 110 ಅನ್ನೇ ಇಟ್ಟುಕೊಂಡಿದ್ದೇನೆ, ಅದರಲ್ಲಿ 38 ಕಳೆದರೆ 72.

₹2.40 ಕೋಟಿ ಅನ್ನೋದು ಈ ವರ್ಷದ ಬೆಂಬಲ ಬೆಲೆ ₹8,000 ಹಿಡಿದು ಹಾಕಿದ ಲೆಕ್ಕ. ಮುಂದಿನ ಹಂಗಾಮಿಗೆ ಆ ಬೆಲೆ ಏನಾಗುತ್ತೋ, ಗಂಜ್‌ನಲ್ಲಿ ಏನಿರುತ್ತೋ, ಆ ಬಗ್ಗೆ ಪ್ರಸ್ತಾವದಲ್ಲಿ ಒಂದು ಸಾಲೂ ಇಲ್ಲ. ಸುಂಕ ಇಲ್ಲದ ತೊಗರಿ ಆಮದಿಗೆ 2026ರ ಮಾರ್ಚ್ 31ರವರೆಗೆ ಅವಕಾಶ ಇದೆ. ಅದು ಮುಂದುವರಿಯುತ್ತೋ ಇಲ್ಲವೋ ಅನ್ನೋದು ನಮ್ಮ ಕೈಯಲ್ಲಿಲ್ಲ. ಅದಕ್ಕೇ ಬೆಲೆ ಕುಸಿತವನ್ನು ಅಪಾಯದಲ್ಲಿ ಸೇರಿಸಿದ್ದೇನೆ.

ಇನ್ನು ಬೇಳೆ ಎಷ್ಟು ಸಿಗುತ್ತೆ ಅನ್ನೋ ಪ್ರಶ್ನೆ. ಪ್ರಸ್ತಾವದಲ್ಲಿ ನೂರು ಕಿಲೋ ತೊಗರಿಗೆ 74 ಕಿಲೋ ಬೇಳೆ ಅಂತಿದೆ. ಮಾರ್ಚ್‌ನಲ್ಲಿ ನಾವು ಬಾಡಿಗೆ ಮಿಲ್‌ನಲ್ಲಿ 50 ಕ್ವಿಂಟಲ್ ಒಡೆಸಿದಾಗ ಬಂದಿದ್ದು 35.5 ಕ್ವಿಂಟಲ್, ಅಂದರೆ 71. ಆ ದಿನ ನಾನು ಅಲ್ಲೇ ನಿಂತಿದ್ದೆ. ಎಣ್ಣೆ ಹಚ್ಚಿ ಅಂಗಳದಲ್ಲಿ ಹರವಿದ ತೊಗರಿ ಸರಿಯಾಗಿ ಒಣಗುವ ಮೊದಲೇ ರೋಲರ್‌ಗೆ ಹಾಕಿದರು. ಅರ್ಧ ಕಾಳಿಗೆ ಸಿಪ್ಪೆ ಹಾಗೇ ಅಂಟಿಕೊಂಡಿತ್ತು. ಮತ್ತೆ ಮತ್ತೆ ಉಜ್ಜಿದಾಗ ನುಚ್ಚು ಜಾಸ್ತಿ ಆಯಿತು. ಬೊಗಸೆಯಲ್ಲಿ ತೆಗೆದು ನೋಡಿದೆ, ಅಂಚು ಮುರಿದ ಬೇಳೆಯೇ ತುಂಬ ಇತ್ತು. ಮೂರು ಕಿಲೋ ವ್ಯತ್ಯಾಸ ಸಣ್ಣದು ಅನಿಸಬಹುದು. 3,000 ಕ್ವಿಂಟಲ್‌ಗೆ ಅದು 90 ಕ್ವಿಂಟಲ್ ಬೇಳೆ. ಪ್ರಸ್ತಾವದಲ್ಲೇ ಇರುವ ₹10,000 ದರದಲ್ಲಿ ₹9 ಲಕ್ಷ. ನುಚ್ಚು ಮಾರಿ ಸ್ವಲ್ಪ ವಾಪಸ್ ಬರುತ್ತೆ, ಪೂರ್ತಿ ಅಲ್ಲ. ಹಾಗಾಗಿ ಒಣಗಿಸುವ ಅಂಗಳಕ್ಕೆ ಇಟ್ಟ ದುಡ್ಡನ್ನು ಯಾರಾದರೂ ಕಡಿಮೆ ಮಾಡೋಣ ಅಂದರೆ ದಯವಿಟ್ಟು ಬಿಟ್ಟುಕೊಡಬೇಡಿ.

ಸಾರ್ಟೆಕ್ಸ್ ವಿಷಯದಲ್ಲಿ ವಾದ ಆಗುತ್ತೆ. ಬಣ್ಣ ನೋಡಿ ಆರಿಸಿದ ಬೇಳೆಗೇ ಪೇಟೆಯಲ್ಲಿ ಒಳ್ಳೆ ರೇಟು ಅಂತ ಅಧ್ಯಕ್ಷರು ಹೇಳ್ತಾರೆ, ಅದು ನಿಜ. ಗುಲ್ಬರ್ಗ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ಆ ಹೆಸರಿನಲ್ಲಿ ಮಾರುವಾಗ ಮಾಲು ಚೆನ್ನಾಗಿಯೇ ಇರಬೇಕು. ಆದರೆ 38 ದಿನದ ಮಾಲಿಗೆ ₹32 ಲಕ್ಷದ ಯಂತ್ರ ಬೇಡ. ಮೊದಲ ವರ್ಷ ಬೇರೆ ಮಿಲ್‌ನಲ್ಲಿ ಬಾಡಿಗೆ ಕೊಟ್ಟು ಮಾಡಿಸಬಹುದು. ಇಲ್ಲಿ ನಿಮ್ಮ ಅಭಿಪ್ರಾಯ ಬೇರೆ ಇದ್ದರೆ ನಾನು ಹಟ ಮಾಡುವುದಿಲ್ಲ. ಜಾಬ್ ವರ್ಕ್ ಷರತ್ತನ್ನು ಮಾತ್ರ ಸಡಿಲ ಮಾಡಬೇಡಿ.

ಕೊಟೇಶನ್ ವಿಷಯ ಸಭೆಗೆ ಮೊದಲೇ ಇತ್ಯರ್ಥ ಆದರೆ ಒಳ್ಳೆಯದು. ಆ ನಿರ್ದೇಶಕರು ಸಂಬಂಧವನ್ನು ತಾವೇ ಹೇಳಿ, ಆ ಚರ್ಚೆಯಲ್ಲೂ ಮತದಲ್ಲೂ ಭಾಗವಹಿಸದೆ ಇರಬೇಕು. ನಡಾವಳಿಯಲ್ಲಿ ಅದು ದಾಖಲಾಗಬೇಕು. ಅವರ ದರವೇ ಕಡಿಮೆ ಇದೆ, ಕೆಲಸ ಅವರಿಗೇ ಹೋದರೂ ತಪ್ಪಿಲ್ಲ. ಆಮೇಲೆ ಮಾತು ಬರಬಾರದು ಅಷ್ಟೇ. ಈ ಮಾತು ನನ್ನಿಂದ ಹೋಗುವುದಕ್ಕಿಂತ ನೀವೇ ಫೋನ್ ಮಾಡಿ ಹೇಳಿದರೆ ಅವರಿಗೆ ಬೇಸರ ಆಗುವುದಿಲ್ಲ.

ಒಂದು ಮಾತು, ಮೇಡಂ. ಆಳಂದ ಕಡೆಯ ಷೇರುದಾರರ ಸಭೆಯಲ್ಲಿ ವಯಸ್ಸಾದ ರೈತರೊಬ್ಬರು "ನಮ್ಮ ತೊಗರಿ ನಾವೇ ಬ್ಯಾಳಿ ಮಾಡೂದು ಯಾವಾಗ್ರಿ?" ಅಂತ ಕೇಳಿದ್ದರು. ಮಿಲ್ ಬೇಡ ಅನ್ನೋ ಮನಸ್ಸು ನನಗೂ ಇಲ್ಲ. ಆದರೆ ನಾವು ಹಾಕುವ ₹46 ಲಕ್ಷ ಅವರ ಷೇರು ಹಣ. ಈ ಸೆಪ್ಟೆಂಬರ್‌ನಲ್ಲಿ ಭೀಮಾ ನದಿ ಉಕ್ಕಿ ಹೊಲ ಕಳೆದುಕೊಂಡವರೂ ಅದರಲ್ಲಿ ಇದ್ದಾರೆ.

ಗುರುವಾರ ಬೆಳಿಗ್ಗೆ 11ಕ್ಕೆ ಕಚೇರಿಯಲ್ಲಿ ಸಿಗುತ್ತೇನೆ. ಅಷ್ಟರೊಳಗೆ ಗಂಜ್‌ನ ಇಬ್ಬರು ವ್ಯಾಪಾರಿಗಳ ಜೊತೆ ಜಾಬ್ ವರ್ಕ್ ಮಾತಾಡಿ, ಏನು ಹೇಳಿದರು ಅಂತ ಬರೆದು ತರುತ್ತೇನೆ. ಠರಾವಿನ ಕರಡು ಎರಡು ತರಹ ಮಾಡಿಟ್ಟಿದ್ದೇನೆ, ಸಾರ್ಟೆಕ್ಸ್ ಸೇರಿಸಿ ಒಂದು, ಬಿಟ್ಟು ಒಂದು.

ಇಂತಿ,
ಹಣಕಾಸು ವ್ಯವಸ್ಥಾಪಕ