ಅಂಕಗಳ ಮರು ಎಣಿಕೆ ಕೋರಿ ಮನವಿ

ದಿನಾಂಕ: 14-07-2025

ಇವರಿಂದ:
ನೋಂದಣಿ ಸಂಖ್ಯೆ 23ಪಿಎಂ0417
ಬಿ.ಎಸ್ಸಿ. 3ನೇ ಸೆಮಿಸ್ಟರ್ ವಿದ್ಯಾರ್ಥಿನಿ

ಇವರಿಗೆ:
ಪರೀಕ್ಷಾ ನಿಯಂತ್ರಕರು
(ಕಾಲೇಜಿನ ಪ್ರಾಂಶುಪಾಲರ ಮುಖಾಂತರ)

ವಿಷಯ: ಭೌತಶಾಸ್ತ್ರ (ತರಂಗ ಚಲನೆ ಮತ್ತು ದ್ಯುತಿವಿಜ್ಞಾನ) ಥಿಯರಿ ಪತ್ರಿಕೆಯ ಅಂಕಗಳ ಮರು ಎಣಿಕೆ ಬಗ್ಗೆ.

ಮಾನ್ಯರೇ,

ಮೇಲ್ಕಂಡ ಪತ್ರಿಕೆಯಲ್ಲಿ ನನಗೆ 60ಕ್ಕೆ 29 ಅಂಕ ಬಂದಿರುವುದಾಗಿ ಫಲಿತಾಂಶ ಪ್ರಕಟವಾಗಿದೆ. ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ಪಡೆದು ಒಳಪುಟಗಳಲ್ಲಿ ಮೌಲ್ಯಮಾಪಕರು ಕೊಟ್ಟಿರುವ ಅಂಕಗಳನ್ನು ಕೂಡಿದರೆ 42 ಆಗುತ್ತದೆ. ವ್ಯತ್ಯಾಸ 13 ಅಂಕ. ಯಾವುದೇ ಉತ್ತರಕ್ಕೆ ಕೊಟ್ಟ ಅಂಕ ಕಡಿಮೆಯಾಯಿತು ಎಂಬ ತಕರಾರು ನನ್ನದಲ್ಲ, ಮರು ಮೌಲ್ಯಮಾಪನವನ್ನೂ ಕೇಳುತ್ತಿಲ್ಲ. ಕೊಟ್ಟಿರುವ ಅಂಕಗಳನ್ನೇ ಮತ್ತೊಮ್ಮೆ ಎಣಿಸಬೇಕೆಂದಷ್ಟೇ ಕೋರಿಕೆ.

ಒಳಪುಟಗಳಲ್ಲಿರುವ ಅಂಕಗಳು ಹೀಗಿವೆ:

ಭಾಗ ಅ (ತಲಾ 2 ಅಂಕ, ಯಾವುದಾದರೂ 5)
1ಎ: 2, 1ಬಿ: 1½, 1ಸಿ: 2, 1ಡಿ: 0, 1ಇ: 1½
2 + 1½ + 2 + 0 + 1½ = 7

ಭಾಗ ಆ (ತಲಾ 5 ಅಂಕ, ಯಾವುದಾದರೂ 4)
ಪ್ರಶ್ನೆ 2: 4, ಪ್ರಶ್ನೆ 3: 3½, ಪ್ರಶ್ನೆ 5: 2½, ಪ್ರಶ್ನೆ 6: 4
4 + 3½ + 2½ + 4 = 14

ಭಾಗ ಇ (ತಲಾ 10 ಅಂಕ, ಯಾವುದಾದರೂ 3)
ಪ್ರಶ್ನೆ 7: ಎ 4, ಬಿ 3, ಒಟ್ಟು 7
ಪ್ರಶ್ನೆ 8: 6½
ಪ್ರಶ್ನೆ 10: ಎ 3½, ಬಿ 4, ಒಟ್ಟು 7½
7 + 6½ + 7½ = 21

ಒಟ್ಟು: 7 + 14 + 21 = 42

ಭಾಗ ಆ-ದಲ್ಲಿ 4ನೇ ಪ್ರಶ್ನೆಯನ್ನೂ ಉತ್ತರಿಸಿದ್ದು, ಅದಕ್ಕೆ 1½ ಅಂಕ ಬಿದ್ದಿದೆ. ಕೇಳಿದ್ದಕ್ಕಿಂತ ಹೆಚ್ಚಿನ ಉತ್ತರವಾದ್ದರಿಂದ, ಮತ್ತು ಐದರಲ್ಲಿ ಅದೇ ಅತಿ ಕಡಿಮೆ ಅಂಕವಾದ್ದರಿಂದ, ಅದನ್ನು ಮೇಲಿನ ಲೆಕ್ಕಕ್ಕೆ ಸೇರಿಸಿಲ್ಲ. ಮುಖಪುಟದಲ್ಲಿಯೂ ಅದನ್ನು ಹೊಡೆದು ಹಾಕಲಾಗಿದೆ. ಅದು ಸರಿಯಾಗಿಯೇ ಇದೆ.

ಲೆಕ್ಕ ತಪ್ಪಿರುವುದು ಎರಡು ಕಡೆ ಎಂದು ಕಾಣುತ್ತದೆ.

ಮೊದಲನೆಯದು, 7ನೇ ಪ್ರಶ್ನೆ. 7(ಎ) ಉತ್ತರ 14 ಮತ್ತು 15ನೇ ಪುಟಗಳಲ್ಲಿದೆ. ನ್ಯೂಟನ್ ಉಂಗುರಗಳ ಲೆಕ್ಕವಾದ 7(ಬಿ) ಮಾತ್ರ 8 ಮತ್ತು 10ನೇ ಪ್ರಶ್ನೆಗಳ ಉತ್ತರ ಮುಗಿದ ಮೇಲೆ, 23ನೇ ಪುಟದಲ್ಲಿದೆ. ಅಲ್ಲಿ ಪಕ್ಕದ ಅಂಚಿನಲ್ಲಿ ಸೂತ್ರಕ್ಕೆ 1, ಬೆಲೆಗಳನ್ನು ಹಾಕಿದ್ದಕ್ಕೆ 1, ಉತ್ತರಕ್ಕೆ 1 ಎಂದು ಹಂತವಾರು ಬರೆದು, ಕೆಳಗೆ ಕೆಂಪು ಶಾಯಿಯಲ್ಲಿ 3 ಎಂದು ಸುತ್ತು ಹಾಕಲಾಗಿದೆ. ಈ 3 ಮುಖಪುಟಕ್ಕೆ ಬಂದಿಲ್ಲ: 7ರ ಎದುರಿನ ಮನೆಯಲ್ಲಿ ಬರೀ 4 ಇದೆ. ಹಾಗಾಗಿ ಮುಖಪುಟದಲ್ಲಿ ಭಾಗ ಇ 21ರ ಬದಲು 4 + 6½ + 7½ = 18 ಆಗಿದೆ. ಉತ್ತರದ ಎರಡು ತುಂಡುಗಳು ದೂರದೂರ ಬಿದ್ದಾಗ ಹೀಗೆ ಬಿಟ್ಟುಹೋಗುವುದು ಸುಲಭ; 15ನೇ ಪುಟದ ಕೊನೆಯಲ್ಲಿ ‘7(ಬಿ) ಪುಟ 23 ನೋಡಿ’ ಎಂಬ ಸೂಚನೆ ಇದ್ದರೂ ಅದು ಸಣ್ಣ ಅಕ್ಷರದಲ್ಲಿದೆ.

ಎರಡನೆಯದು, ಮುಖಪುಟದ ಮೊತ್ತ. ಅಲ್ಲಿರುವ ಅಂಕಿಗಳನ್ನೇ ಹಾಗೆಯೇ ತೆಗೆದುಕೊಂಡರೂ 7 + 14 + 18 = 39 ಆಗಬೇಕು. ಬರೆದಿರುವುದು 29. ಬಿಡಿ ಸ್ಥಾನದಲ್ಲಿ 7 + 4 + 8 = 19; 9 ಬರೆದು 1 ದಶಕವನ್ನು ಪಕ್ಕಕ್ಕೆ ಒಯ್ಯಬೇಕು. ಹತ್ತರ ಸ್ಥಾನದಲ್ಲಿ 1 + 1ಕ್ಕೆ ಆ ದಶಕ ಸೇರಿ 3 ಆಗುತ್ತದೆ. ದಶಕ ಬಿಟ್ಟರೆ 2 ಉಳಿದು, ಸರಿಯಾಗಿ 29 ಬರುತ್ತದೆ. ತಪ್ಪು ಆಗಿರುವುದು ಇಲ್ಲಿಯೇ ಎಂದು ನನ್ನ ಊಹೆ.

ಮೊದಲ ತಪ್ಪಿನಿಂದ 3, ಎರಡನೆಯದರಿಂದ 10, ಒಟ್ಟು 13 ಅಂಕ ಕಡಿಮೆಯಾಗಿದೆ. ಒಂದನ್ನಷ್ಟೇ ಸರಿಪಡಿಸಿದರೆ ಮೊತ್ತ 39 ಅಥವಾ 32 ಎಂದು ಬರಬಹುದಾದ್ದರಿಂದ ಎರಡನ್ನೂ ಒಟ್ಟಿಗೆ ನೋಡಬೇಕೆಂದು ವಿನಂತಿ. ಮುಖಪುಟದ ಮೊತ್ತವನ್ನು ಮಾತ್ರ ಮತ್ತೆ ಕೂಡಿದರೆ 23ನೇ ಪುಟದ ಅಂಕ ಕಣ್ಣಿಗೆ ಬೀಳುವುದಿಲ್ಲ. ದಯವಿಟ್ಟು ಮೂಲ ಉತ್ತರ ಪತ್ರಿಕೆಯನ್ನು ಪುಟ ಪುಟವೂ ತಿರುವಿ ಎಣಿಸಬೇಕು.

ಮುಖಪುಟದಲ್ಲಿ ಅಕ್ಷರಗಳಲ್ಲಿಯೂ ‘ಇಪ್ಪತ್ತೊಂಬತ್ತು’ ಎಂದೇ ಇದೆ. ಆದ್ದರಿಂದ ಕಂಪ್ಯೂಟರಿಗೆ ಅಂಕ ನಮೂದಿಸುವಾಗ ಆದ ದೋಷ ಇದಲ್ಲ. ಮೊತ್ತ ಬದಲಾದರೆ ಅಂಕಿ, ಅಕ್ಷರ ಎರಡನ್ನೂ ತಿದ್ದಿ ಅಂಕಪಟ್ಟಿಯ ದಾಖಲೆಯಲ್ಲಿಯೂ ಸರಿಪಡಿಸಬೇಕಾಗುತ್ತದೆ. ಆಂತರಿಕ ಮೌಲ್ಯಮಾಪನದ 40ಕ್ಕೆ 31 ಅಂಕದಲ್ಲಿ ಬದಲಾವಣೆ ಇಲ್ಲ. ಥಿಯರಿ 42 ಆದರೆ ಪತ್ರಿಕೆಯ ಒಟ್ಟು ಮೊತ್ತ 60ರಿಂದ 73 ಆಗುತ್ತದೆ.

ಮರು ಎಣಿಕೆಯ ಫಲಿತಾಂಶವನ್ನು, ಬದಲಾವಣೆ ಇಲ್ಲದಿದ್ದರೂ, ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
(ಸಹಿ)
ನೋಂದಣಿ ಸಂಖ್ಯೆ 23ಪಿಎಂ0417

ಲಗತ್ತುಗಳು:
1. ಉತ್ತರ ಪತ್ರಿಕೆಯ ಮುಖಪುಟ ಮತ್ತು 14, 15, 23ನೇ ಪುಟಗಳ ಪ್ರತಿ (7(ಬಿ) ಅಂಕಕ್ಕೆ ಪೆನ್ಸಿಲ್ ಗುರುತು ಹಾಕಿದೆ)
2. ಆನ್‌ಲೈನ್ ಫಲಿತಾಂಶದ ಮುದ್ರಿತ ಪ್ರತಿ
3. ಪ್ರವೇಶ ಪತ್ರದ ಪ್ರತಿ
4. ಮರು ಎಣಿಕೆ ಶುಲ್ಕ ಪಾವತಿಸಿದ ರಸೀದಿ