ತಾಪಮಾನ ನಿಗಾ ವ್ಯವಸ್ಥೆಯ ಪ್ರಸ್ತಾವನೆ: ನಮ್ಮ ಅಂತಿಮ ತೀರ್ಮಾನ

ದಿನಾಂಕ: 14-10-2025

ಇವರಿಂದ:
ಮುಖ್ಯ ವ್ಯವಸ್ಥಾಪಕಿ, ಖರೀದಿ ವಿಭಾಗ
ಔಷಧ ಉಗ್ರಾಣ ಮತ್ತು ವಿತರಣಾ ಘಟಕ

ಇವರಿಗೆ:
ಮಾರಾಟ ವಿಭಾಗದ ಮುಖ್ಯಸ್ಥರು

ವಿಷಯ: ಶೀತಲ ಕೊಠಡಿಗಳಿಗೆ ನಿಸ್ತಂತು ತಾಪಮಾನ ನಿಗಾ ವ್ಯವಸ್ಥೆ ಅಳವಡಿಸುವ ತಮ್ಮ ಪ್ರಸ್ತಾವನೆಯನ್ನು ಒಪ್ಪಿಕೊಳ್ಳದಿರುವ ಬಗ್ಗೆ

ಉಲ್ಲೇಖ: 1. ತಮ್ಮ ಪ್ರಸ್ತಾವನೆ ಮತ್ತು ದರಪಟ್ಟಿ, ದಿನಾಂಕ 18-08-2025
2. ಪ್ರಾಯೋಗಿಕ ಅಳವಡಿಕೆಯ ವರದಿ, ದಿನಾಂಕ 29-09-2025
3. ತಮ್ಮ ಪರಿಷ್ಕೃತ ದರಪಟ್ಟಿ, ದಿನಾಂಕ 07-10-2025

ಮಾನ್ಯರೇ,

ಮೇಲಿನ ಪ್ರಸ್ತಾವನೆಯನ್ನು ನಾವು ಒಪ್ಪಿಕೊಳ್ಳುತ್ತಿಲ್ಲ. ಈ ಕೆಲಸವನ್ನು ಬೇರೊಬ್ಬ ಪೂರೈಕೆದಾರರಿಗೆ ವಹಿಸಿ, ಕರಾರಿಗೆ ಸಹಿಯೂ ಆಗಿದೆ. ಬೇರೆಯವರ ಬಾಯಿಂದ ಈ ಸುದ್ದಿ ತಮ್ಮ ಕಿವಿಗೆ ಬೀಳುವ ಮೊದಲು ನಾನೇ ತಿಳಿಸಬೇಕು ಎಂಬ ಕಾರಣಕ್ಕೆ ಇಂದೇ ಬರೆಯುತ್ತಿದ್ದೇನೆ. ಕಾರಣ ಹೇಳದೆ ಒಂದು ಸಾಲಿನಲ್ಲಿ ಮುಗಿಸಬಹುದಿತ್ತು. ಆದರೆ ತಮ್ಮ ತಂಡ ಇದಕ್ಕಾಗಿ ಪಟ್ಟ ಶ್ರಮವನ್ನು ಕಣ್ಣಾರೆ ನೋಡಿದ ಮೇಲೆ ಹಾಗೆ ಮಾಡಲು ಮನಸ್ಸು ಒಪ್ಪಲಿಲ್ಲ.

ದರ ಇದಕ್ಕೆ ಕಾರಣವಲ್ಲ. ತಮ್ಮ ಮೊದಲ ದರಪಟ್ಟಿಯೇ ನಮ್ಮ ಅಂದಾಜಿನ ಒಳಗಿತ್ತು. ಆದ್ದರಿಂದ ಕಳೆದ ವಾರ ಬಂದ ರಿಯಾಯಿತಿಯ ಪತ್ರ ನಮ್ಮ ತೀರ್ಮಾನದ ಮೇಲೆ ಯಾವ ಪರಿಣಾಮವನ್ನೂ ಬೀರಲಿಲ್ಲ, ಇನ್ನಷ್ಟು ಇಳಿಸಿದರೂ ಬೀರುವುದಿಲ್ಲ.

ನಿಜವಾದ ಕಾರಣ ಪ್ರಾಯೋಗಿಕ ಅಳವಡಿಕೆಯ ಸಮಯದಲ್ಲಿ ಕಂಡುಬಂದದ್ದು. ನಮ್ಮ ಮುಖ್ಯ ಶೀತಲ ಕೊಠಡಿಯಲ್ಲಿ ಲಸಿಕೆ ಮತ್ತು ಇನ್ಸುಲಿನ್ ದಾಸ್ತಾನಿದೆ. ಅಲ್ಲಿ ತಾಪಮಾನ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆಯೇ ಇರಬೇಕು. ಬಿಸಿಯಾದರೆ ಔಷಧದ ಗುಣ ಕುಂದುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಿದರೂ ಹಾಳೇ. ಹೆಪಟೈಟಿಸ್ ಬಿ ಅಥವಾ ಧನುರ್ವಾಯು ಲಸಿಕೆಯಂತಹ, ಅಲ್ಯೂಮಿನಿಯಂ ಲವಣ ಬೆರೆತ ಲಸಿಕೆ ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೆ ಅದನ್ನು ಬಳಸುವಂತಿಲ್ಲ, ಸೀಸೆ ನೋಡಲು ಸರಿಯಾಗಿದ್ದರೂ ಸರಿ. ಹೀಗಾಗಿ ಪ್ರತಿ ಪೆಟ್ಟಿಗೆಯ ಬಗ್ಗೆಯೂ ನಾವು ಕೊಡಬಹುದಾದ ಏಕೈಕ ಸಾಕ್ಷಿ ತಾಪಮಾನದ ದಾಖಲೆ. ಅದು ಅಖಂಡವಾಗಿರಬೇಕು ಎಂದು ನಮ್ಮ ವಿಚಾರಣಾ ಪತ್ರದ ಮೊದಲ ಪುಟದಲ್ಲೇ ಬರೆದಿದ್ದೆವು.

ಸೆಪ್ಟೆಂಬರ್ 17ರ ನಸುಕಿನಲ್ಲಿ ವಿದ್ಯುತ್ ಹೋಗಿ ಜನರೇಟರ್ ಚಾಲೂ ಆಯಿತು. ಆ ಹೊತ್ತಿನಲ್ಲಿ ತಮ್ಮ ಗೇಟ್‌ವೇ ಸಾಧನ ಆರಿ ಮತ್ತೆ ಹೊತ್ತಿಕೊಂಡಿತು, ಆದರೆ ಸರ್ವರ್‌ನೊಂದಿಗೆ ಸಂಪರ್ಕ ಮರಳಲು 47 ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಸೆನ್ಸರ್‌ಗಳು ಅಳೆಯುತ್ತಲೇ ಇದ್ದವು. ಅಳೆದದ್ದನ್ನು ಇಟ್ಟುಕೊಳ್ಳಲು ಅವುಗಳಲ್ಲಿ ಸ್ಮೃತಿಕೋಶವೇ ಇಲ್ಲವಾದ್ದರಿಂದ ಆ ಅಂಕಿಗಳೆಲ್ಲ ಹಾಗೆಯೇ ಕಳೆದುಹೋದವು. ಇಷ್ಟೇ ಆಗಿದ್ದರೆ ಸಣ್ಣ ಬ್ಯಾಟರಿಯೊಂದನ್ನು ಸೇರಿಸಿ ಸರಿಪಡಿಸಬಹುದು ಎಂದು ತಾವು ಹೇಳಬಹುದಿತ್ತು, ಹೇಳಿದ್ದೀರಿ ಕೂಡ. ನಮ್ಮನ್ನು ಬೆಚ್ಚಿಬೀಳಿಸಿದ್ದು ಆಮೇಲಿನ ಸಂಗತಿ. ತಮ್ಮ ತಂತ್ರಾಂಶದ ನಕ್ಷೆಯಲ್ಲಿ ಆ 47 ನಿಮಿಷಗಳ ಜಾಗ ಖಾಲಿ ಕಾಣಲಿಲ್ಲ. ಸಂಪರ್ಕ ಕಡಿಯುವ ಮುನ್ನ ದಾಖಲಾದ 5.2 ಡಿಗ್ರಿಯನ್ನೂ ಮರಳಿದ ಮೇಲೆ ದಾಖಲಾದ 5.6 ಡಿಗ್ರಿಯನ್ನೂ ಅದು ಒಂದು ನೇರ ಗೆರೆಯಿಂದ ಜೋಡಿಸಿಬಿಟ್ಟಿತ್ತು. ನೋಡಿದವರಿಗೆ ಕೊಠಡಿ ರಾತ್ರಿಯಿಡೀ ತಣ್ಣಗೆ, ನೆಮ್ಮದಿಯಾಗಿತ್ತು ಎನಿಸಬೇಕು.

ಅದೇ ಕಪಾಟಿನಲ್ಲಿ ನಮ್ಮ ಹಳೆಯ ದಾಖಲು ಉಪಕರಣವನ್ನೂ ಇಟ್ಟಿದ್ದೆವು. ಆ ಅವಧಿಯಲ್ಲಿ ಗಾಳಿಯ ತಾಪಮಾನ 8.6 ಡಿಗ್ರಿಗೆ ಏರಿ ಇಳಿದದ್ದು ಅದರಲ್ಲಿ ಸ್ಪಷ್ಟವಾಗಿದೆ. ಗ್ಲೈಕಾಲ್ ಸೀಸೆಯಲ್ಲಿ ಮುಳುಗಿಸಿಟ್ಟ ಮತ್ತೊಂದು ಉಪಕರಣ 6.3 ಡಿಗ್ರಿ ದಾಟಲಿಲ್ಲ, ಅಂದರೆ ದಾಸ್ತಾನಿಗೆ ತೊಂದರೆಯಾಗಿಲ್ಲ. ಆದರೆ ಈ ಮಾತನ್ನು ಧೈರ್ಯವಾಗಿ ಹೇಳಲು ಸಾಧ್ಯವಾದದ್ದು ಹಳೆಯ ಉಪಕರಣಗಳಿಂದ. ತಮ್ಮ ವ್ಯವಸ್ಥೆಯೊಂದೇ ಇದ್ದಿದ್ದರೆ, ಏರಿಕೆಯಾಗಿತ್ತು ಎಂಬುದೇ ನಮಗೆ ಗೊತ್ತಾಗುತ್ತಿರಲಿಲ್ಲ. ದಾಖಲೆ ಇಲ್ಲದ ಜಾಗದಲ್ಲಿ 'ಇಲ್ಲ' ಎಂದು ತೋರಿಸುವ ಯಂತ್ರದೊಂದಿಗೆ ಹೇಗೋ ಬದುಕಬಹುದು. ಇಲ್ಲದ್ದನ್ನು ಇದೆ ಎಂದು ತೋರಿಸುವ ಯಂತ್ರವನ್ನು ತಪಾಸಣೆಗೆ ಬಂದವರ ಮುಂದೆ ಇಡಲಾರೆವು.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಗೆರೆಯನ್ನು ಮೊದಲು ಗುರುತಿಸಿ ನಮ್ಮ ಗಮನಕ್ಕೆ ತಂದವರು ನಮ್ಮವರಲ್ಲ, ತಮ್ಮ ಸೇವಾ ಎಂಜಿನಿಯರ್. ಬೆಳಿಗ್ಗೆ ಬಂದವರೇ ಸರ್ವರ್‌ನ ಲಾಗ್ ತೆಗೆದು, ನಕ್ಷೆಯ ಈ ಭಾಗವನ್ನು ನಂಬಬೇಡಿ ಎಂದರು; ಅದನ್ನೇ ವರದಿಯಲ್ಲೂ ಬರೆದರು. ಒಪ್ಪಂದ ಕೈಗೆ ಬರುವ ಹಂತದಲ್ಲಿ ಹಾಗೆ ಬರೆಯುವುದು ಸುಲಭವಲ್ಲ. ಆ ವರದಿಯಿಂದಲೇ ತಮಗೆ ಈ ಕೆಲಸ ತಪ್ಪಿತು ಎಂದು ತಮ್ಮ ಕಚೇರಿಯಲ್ಲಿ ಯಾರಾದರೂ ಅವರನ್ನು ದೂರಿದರೆ ಅದು ಅನ್ಯಾಯ. ನಮ್ಮ ಹಳೆಯ ಉಪಕರಣದ ಅಂಕಿಗಳು ಹೇಗಿದ್ದರೂ ಆ ಏರಿಕೆಯನ್ನು ಬಯಲು ಮಾಡುತ್ತಿದ್ದವು. ತಮ್ಮ ಸಂಸ್ಥೆಯೊಂದಿಗೆ ಮುಂದೆಯೂ ವ್ಯವಹರಿಸಬಹುದು ಎಂಬ ವಿಶ್ವಾಸ ನಮ್ಮಲ್ಲಿ ಉಳಿದಿರುವುದಕ್ಕೆ ಅವರ ಪ್ರಾಮಾಣಿಕತೆಯೇ ಮುಖ್ಯ ಕಾರಣ.

ಎರಡನೆಯ ಅಡ್ಡಿ ದಾಖಲೆಯ ಒಡೆತನದ್ದು. ಮೂಲ ಅಂಕಿಅಂಶಗಳು ತಮ್ಮ ಸರ್ವರ್‌ನಲ್ಲಿ ಮಾತ್ರ ಇರುತ್ತವೆ, ಕರಾರು ಮುಗಿದ 90 ದಿನಗಳಲ್ಲಿ ಅಳಿಸಿಹೋಗುತ್ತವೆ ಎಂದು ಕರಡಿನ 11ನೇ ಷರತ್ತು ಹೇಳುತ್ತದೆ. ನಾವು ತಾಪಮಾನದ ದಾಖಲೆಗಳನ್ನು ಕನಿಷ್ಠ ಐದು ವರ್ಷ ಕಾಪಿಡುತ್ತೇವೆ. ಪ್ರತಿ ತಿಂಗಳು ಪಿಡಿಎಫ್ ಪ್ರತಿ ಕಳುಹಿಸಲು ತಾವು ಮುಂದೆ ಬಂದಿರಿ. ಆದರೆ ಎಚ್ಚರಿಕೆಯ ಮಿತಿಯನ್ನು ಯಾರು, ಯಾವಾಗ ಬದಲಿಸಿದರು, ಗಂಟೆ ಬಾರಿಸಿದಾಗ ಯಾರು ಅದನ್ನು ಆರಿಸಿದರು ಎಂಬ ವಿವರ ಆ ಪಿಡಿಎಫ್‌ನಲ್ಲಿ ಬರುವುದಿಲ್ಲ. ತಪಾಸಣೆಯಲ್ಲಿ ಮೊದಲು ಕೇಳುವುದೇ ಅದನ್ನು. ನಮ್ಮ ಕೊಠಡಿಯ ದಾಖಲೆಯನ್ನು ನೋಡಲು ನಾವೇ ಇನ್ನೊಬ್ಬರ ಅನುಮತಿ ಕೇಳಬೇಕಾದ ಸ್ಥಿತಿಗೆ ಸಹಿ ಹಾಕಲು ನಮ್ಮ ಗುಣಮಟ್ಟ ವಿಭಾಗ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ.

ಮೂರು ವರ್ಷದ ಕಡ್ಡಾಯ ಅವಧಿ, ತನ್ನಷ್ಟಕ್ಕೆ ತಾನೇ ನವೀಕರಣಗೊಳ್ಳುವ ಷರತ್ತು ಇತ್ಯಾದಿಗಳ ಬಗ್ಗೆ ನಮಗೆ ತಕರಾರಿತ್ತು, ಆದರೆ ಅವು ಮಾತಿನಲ್ಲಿ ಬಗೆಹರಿಯುವಂಥವು. ಆಳ ಶೈತ್ಯ ಕೊಠಡಿಯಲ್ಲಿ, ಮೈನಸ್ 20 ಡಿಗ್ರಿಯಲ್ಲೂ, ತಮ್ಮ ಸೆನ್ಸರ್‌ಗಳ ಬ್ಯಾಟರಿ ಸೊರಗಲಿಲ್ಲ. ಲೋಹದ ಹೊದಿಕೆಯ ದಪ್ಪ ಗೋಡೆಗಳನ್ನು ದಾಟಿ ಸಂಕೇತ ಬರುವುದೇ ಎಂಬ ನಮ್ಮ ಅನುಮಾನವನ್ನೂ ಎರಡನೇ ಆಂಟೆನಾ ಹಾಕಿ ನಿವಾರಿಸಿದಿರಿ. ಐಎಸ್ಒ/ಐಇಸಿ 17025 ಮಾನ್ಯತೆ ಪಡೆದ ಪ್ರಯೋಗಾಲಯದ ಕ್ಯಾಲಿಬ್ರೇಷನ್ ಪ್ರಮಾಣಪತ್ರಗಳನ್ನು ಪ್ರತಿ ಸೆನ್ಸರ್‌ಗೂ ಪ್ರತ್ಯೇಕವಾಗಿ, ಕೇಳುವ ಮೊದಲೇ ಕೊಟ್ಟವರು ತಾವೊಬ್ಬರೇ.

ಇಷ್ಟು ಹೇಳಿದ ಮೇಲೂ ತೀರ್ಮಾನ ಮರುಪರಿಶೀಲನೆಗೆ ತೆರೆದಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಮತ್ತೊಂದು ದರಪಟ್ಟಿ ಕಳುಹಿಸುವುದಾಗಲಿ, ಇದೇ ವಿಷಯಕ್ಕೆ ನಮ್ಮ ನಿರ್ದೇಶಕರನ್ನು ಭೇಟಿಯಾಗುವುದಾಗಲಿ ಬೇಡ. ಅವರ ಒಪ್ಪಿಗೆ ಪಡೆದೇ ಈ ಪತ್ರ ಬರೆಯುತ್ತಿದ್ದೇನೆ. ಅಲ್ಲಿಗೆ ಹೋದರೂ ಕಡತ ತಿರುಗಿ ನನ್ನ ಮೇಜಿಗೇ ಬರುತ್ತದೆ. ಆಯ್ಕೆಯಾದವರ ಹೆಸರು, ದರ ಯಾವುದನ್ನೂ ನಾನು ಹೇಳುವಂತಿಲ್ಲ. ತಮ್ಮ ದರಪಟ್ಟಿ ಮತ್ತು ತಾಂತ್ರಿಕ ವಿವರಗಳನ್ನು ಅವರಿಗೆ ತೋರಿಸಿಲ್ಲ, ತೋರಿಸುವುದೂ ಇಲ್ಲ.

ಈಗ ನಡೆಯುತ್ತಿರುವ ವ್ಯವಹಾರಕ್ಕೂ ಇದಕ್ಕೂ ಸಂಬಂಧವಿಲ್ಲ. ಶೀತಲ ಕೊಠಡಿಗಳ ಬಾಗಿಲ ರಬ್ಬರ್ ಪಟ್ಟಿಗಳ ಪೂರೈಕೆ ಮತ್ತು ವಾರ್ಷಿಕ ನಿರ್ವಹಣೆಯ ಆದೇಶ ಮಾರ್ಚ್ ಕೊನೆಯವರೆಗೆ ಯಥಾಪ್ರಕಾರ ಮುಂದುವರಿಯುತ್ತದೆ. ಸೆಪ್ಟೆಂಬರ್ ತಿಂಗಳ ಬಿಲ್ಲು ಮಂಜೂರಾಗಿದೆ, ಹಣ ಈ ವಾರವೇ ಜಮೆಯಾಗುತ್ತದೆ.

ಮುಂದಿನ ಅವಕಾಶದ ಬಗ್ಗೆ ಆಸೆ ಹುಟ್ಟಿಸುವ ಮಾತಾಡದೆ, ಗೊತ್ತಿರುವಷ್ಟನ್ನೇ ಹೇಳುತ್ತೇನೆ. ಸಾಗಣೆಯ ವಾಹನಗಳಲ್ಲಿ, ಪೆಟ್ಟಿಗೆಯ ಜೊತೆಗೇ ಪ್ರಯಾಣಿಸುವ ಯುಎಸ್‌ಬಿ ದಾಖಲು ಉಪಕರಣಗಳಿಗಾಗಿ ಜನವರಿಯಲ್ಲಿ ದರ ಆಹ್ವಾನಿಸಲಿದ್ದೇವೆ. ತಮ್ಮ ಪ್ರಾತ್ಯಕ್ಷಿಕೆಯಲ್ಲಿ ನೋಡಿದ ಅಂತಹ ಉಪಕರಣದಲ್ಲಿ ಒಳಗೇ ಸ್ಮೃತಿಕೋಶವಿದೆ, ಕಂಪ್ಯೂಟರ್‌ಗೆ ಸಿಕ್ಕಿಸಿದರೆ ಮೂಲ ಅಂಕಿಗಳು ನಮ್ಮ ಕೈಗೇ ಬರುತ್ತವೆ. ಅಂದರೆ ಇಲ್ಲಿ ನಾವು ಎತ್ತಿದ ಎರಡು ಆಕ್ಷೇಪಗಳೂ ಅದಕ್ಕೆ ಅನ್ವಯಿಸುವುದಿಲ್ಲ. ತಮ್ಮ ಸಂಸ್ಥೆಯ ಹೆಸರನ್ನು ಆಹ್ವಾನಿತರ ಪಟ್ಟಿಯಲ್ಲಿ ಈಗಲೇ ಸೇರಿಸಿದ್ದೇನೆ. ಆದೇಶ ಸಿಗುತ್ತದೆ ಎಂಬ ಭರವಸೆ ಇದಲ್ಲ. ಎಲ್ಲರಂತೆ ತಾವೂ ಸ್ಪರ್ಧಿಸಬೇಕು.

ಕೊಠಡಿಗಳ ನಿಗಾ ವ್ಯವಸ್ಥೆಯ ಬಗ್ಗೆ ಹೊಸ ಕರಾರಿನ ಎರಡು ವರ್ಷ ಮುಗಿಯುವವರೆಗೆ ಯಾವ ಪ್ರಸ್ತಾವನೆಯನ್ನೂ ಪರಿಶೀಲಿಸುವುದಿಲ್ಲ. ಅಷ್ಟರೊಳಗೆ ತಮ್ಮ ಸೆನ್ಸರ್‌ಗಳು ಕನಿಷ್ಠ 30 ದಿನಗಳ ಅಂಕಿಗಳನ್ನು ತಮ್ಮಲ್ಲೇ ಇಟ್ಟುಕೊಂಡು ಸಂಪರ್ಕ ಮರಳಿದಾಗ ಕಳುಹಿಸುವಂತಾಗಿ, ನಕ್ಷೆಯಲ್ಲಿ ಖಾಲಿ ಜಾಗ ಖಾಲಿಯಾಗಿಯೇ ಕಾಣುವಂತಾಗಿ, ಬದಲಾವಣೆಗಳ ವಿವರ ಸಮೇತ ಮೂಲ ದಾಖಲೆಯನ್ನು ನಾವೇ ಇಳಿಸಿಕೊಳ್ಳುವಂತಾದರೆ, 2027ರ ಅಕ್ಟೋಬರ್‌ನಲ್ಲಿ ನನಗೊಂದು ಪತ್ರ ಬರೆಯಿರಿ. ಆಗ ಈ ಕುರ್ಚಿಯಲ್ಲಿ ಬೇರೆಯವರು ಕುಳಿತಿದ್ದರೂ ಪ್ರಾಯೋಗಿಕ ವರದಿ ಕಡತದಲ್ಲಿರುತ್ತದೆ, ತಮ್ಮ ಎಂಜಿನಿಯರ್ ಬಗ್ಗೆ ನಾನು ಬರೆದ ಟಿಪ್ಪಣಿಯೂ ಅದರ ಜೊತೆಗಿರುತ್ತದೆ.

ಪ್ರಯೋಗಕ್ಕೆಂದು ಕೊಟ್ಟ 15 ಸೆನ್ಸರ್, ಒಂದು ಗೇಟ್‌ವೇ ಮತ್ತು ಎರಡು ಆಂಟೆನಾಗಳನ್ನು ಬಿಚ್ಚಿ, ಕ್ರಮಸಂಖ್ಯೆ ಗುರುತು ಹಾಕಿ, ಉಗ್ರಾಣದ ಸ್ವಾಗತ ಕೌಂಟರ್‌ನಲ್ಲಿ ಇರಿಸಲಾಗಿದೆ. ಅಕ್ಟೋಬರ್ 24ರ ಒಳಗೆ, ಕೆಲಸದ ದಿನಗಳಲ್ಲಿ ಬೆಳಿಗ್ಗೆ 10ರಿಂದ ಸಂಜೆ 4ರ ನಡುವೆ ತಮ್ಮ ಪ್ರತಿನಿಧಿಯನ್ನು ಕಳುಹಿಸಿ ಪಡೆದುಕೊಳ್ಳಿ. ಬರುವವರು ತಮ್ಮ ಸಂಸ್ಥೆಯ ಅಧಿಕೃತ ಪತ್ರ ತರಬೇಕು. ಪ್ರಯೋಗದ ಅವಧಿಯ ನಮ್ಮ ಅಂಕಿಗಳು ತಮ್ಮ ಸರ್ವರ್‌ನಲ್ಲಿವೆ. ಅವುಗಳ ಒಂದು ಪೂರ್ಣ ಪ್ರತಿಯನ್ನು ಅದೇ ದಿನಾಂಕದೊಳಗೆ ನಮಗೆ ಕಳುಹಿಸಿ, ಆನಂತರ ಅಳಿಸಿ, ಅಳಿಸಿದ್ದನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ತಾಂತ್ರಿಕ ಆಕ್ಷೇಪಗಳ ಬಗ್ಗೆ ತಮ್ಮ ವಿನ್ಯಾಸ ತಂಡಕ್ಕೆ ವಿವರಣೆ ಬೇಕಿದ್ದರೆ ನಮ್ಮ ಗುಣಮಟ್ಟ ವಿಭಾಗದವರು ಫೋನಿನಲ್ಲಿ ಅರ್ಧ ಗಂಟೆ ಮಾತನಾಡಲು ಸಿದ್ಧರಿದ್ದಾರೆ. ಎರಡೂ ಉಪಕರಣಗಳ ಆ ರಾತ್ರಿಯ ಅಂಕಿಗಳನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
(ಸಹಿ)
ಮುಖ್ಯ ವ್ಯವಸ್ಥಾಪಕಿ, ಖರೀದಿ ವಿಭಾಗ

ಲಗತ್ತು: ಸೆಪ್ಟೆಂಬರ್ 17ರ ತಾಪಮಾನ ದಾಖಲೆ, 2 ಪುಟ
ಪ್ರತಿ: ಗುಣಮಟ್ಟ ವಿಭಾಗ, ಉಗ್ರಾಣ ಮೇಲ್ವಿಚಾರಕರು