ನಿನ್ನೆ ಊಟದ ಹೊತ್ತಿನ ಮಾತು

ರೀ, ಕಾರವಾರದ ಬಸ್ಸಲ್ಲಿದ್ದೇನೆ. ದೇವಿಮನೆ ಘಟ್ಟ ಇಳಿಯುವವರೆಗೂ ಬರೆಯಲೋ ಬೇಡವೋ ಎಂದು ಯೋಚಿಸಿದೆ. ಮನಸ್ಸಲ್ಲೇ ಇಟ್ಟುಕೊಂಡರೆ ನೋವು ಜಾಸ್ತಿ ಆಗುತ್ತದೆ, ಅದಕ್ಕೆ ಹೇಳುತ್ತಿದ್ದೇನೆ.

ನಿನ್ನೆ ನಾನು ಪಂಕ್ತಿಗೆ ಅಪ್ಪೆಹುಳಿ ಬಡಿಸುವಾಗ ದೊಡ್ಡಪ್ಪ, ‘ಇವಳಿಗೆ ನೌಕರಿಯೇ ಸಂಸಾರ, ಶಿರಸಿ ಮನೆ ನೆನಪಾಗುವುದು ಹಬ್ಬಕ್ಕೆ ಮಾತ್ರ’ ಎಂದರು. ಎಲ್ಲರೂ ನಕ್ಕರು. ನೀವು ಅವರ ಪಕ್ಕದಲ್ಲೇ ಕೂತಿದ್ದಿರಿ. ನಾನು ನಿಮ್ಮನ್ನೇ ನೋಡಿದೆ. ನೀವು ತಲೆ ಎತ್ತಲಿಲ್ಲ, ಸುಮ್ನೆ ಅನ್ನ ಕಲೆಸುತ್ತಾ ಇದ್ದಿರಿ.

ದೊಡ್ಡಪ್ಪನ ಮಾತು ನನಗೆ ಹೊಸದಲ್ಲ. ನೀವು ಸುಮ್ಮನಿದ್ದದ್ದು ಚುಚ್ಚಿತು. ಈ ಕೆಲಸ ಬಿಡುವುದು ಬೇಡ ಎಂದು ನಾವಿಬ್ಬರೂ ಜಗಲಿಯಲ್ಲಿ ಕೂತು ತೀರ್ಮಾನ ಮಾಡಿದ್ದು ಅಲ್ವಾ? ಅಷ್ಟು ಜನರ ಎದುರು ನಾನೊಬ್ಬಳೇ ತಪ್ಪು ಮಾಡಿದ ಹಾಗಾಯಿತು. ಪಾತ್ರೆ ಹಿಡಿದ ಕೈ ನಡುಗುತ್ತಿತ್ತು. ಒಳಗೆ ಹೋಗಿ ಅತ್ತುಬಿಟ್ಟೆ. ಕಣ್ಣಿಗೆ ಹೊಗೆ ತಾಗಿತು ಎಂದು ಆಯಿಗೆ ಹೇಳಿದೆ.

ಅವರೊಡನೆ ಜಗಳ ಆಡಿ ಎನ್ನುತ್ತಿಲ್ಲ. ಹಿರಿಯರ ಎದುರು ಮಾತಾಡಲು ನಿಮಗೆ ಸಂಕೋಚ, ಗೊತ್ತು. ‘ಇದು ನಾವಿಬ್ಬರೂ ಸೇರಿ ಮಾಡಿದ್ದು’ ಎಂಬ ಒಂದು ಮಾತು ಸಾಕಿತ್ತು.

ರಾತ್ರಿ ಕೊಟ್ಟಿಗೆ ಕೆಲಸ ಮುಗಿದ ಮೇಲೆ ಫೋನ್ ಮಾಡಿ. ಆಗ ನಿಮಗೆ ಏನು ಅನಿಸುತ್ತಿತ್ತು, ಅದನ್ನು ನಿಮ್ಮ ಬಾಯಿಂದಲೇ ಕೇಳಬೇಕು. ಆಯಿಗೆ ಗುಳಿಗೆ ಕೊಡಲು ಮರೆಯಬೇಡಿ.